ಹಳೆಯ ಜನಗಣತಿ ವರದಿಗಳಲ್ಲಿ ಒಂದು ಊರನ್ನು ಹಿಂಬಾಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

1901ರಲ್ಲಿ ಬೆಂಗಳೂರಿನಲ್ಲಿ ಎಷ್ಟು ಜನ ಇದ್ದರು ಎಂದು ಹುಡುಕಲು ಹೊರಟರೆ ನಾಲ್ಕು ಉತ್ತರ ಸಿಗುತ್ತವೆ: 69,447, 89,599, 1,59,046 ಮತ್ತು 1,63,091. ನಾಲ್ಕೂ ಜನಗಣತಿಯ ಅಂಕಿಗಳೇ, ಯಾವುದೂ ಅಚ್ಚಿನ ತಪ್ಪಲ್ಲ. ಊರಿನ ಇತಿಹಾಸ ಬರೆಯುವವರು, ಶಾಲೆಯ ಸ್ಮರಣ ಸಂಚಿಕೆಗೆ ಲೇಖನ ಕೊಡುವವರು, ಮನೆತನದ ಕಥೆ ಹುಡುಕುವವರು ಎಲ್ಲರೂ ಎಡವುವುದು ಇಂಥ ಕಡೆಯೇ. ಅದಕ್ಕೆ ಈ ಪುಟದಲ್ಲಿ ಬೆಂಗಳೂರನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಜನಗಣತಿಗಿಂತ ಹಿಂದಿನ ಕಾಲದ ಪ್ರಶ್ನೆಗೆ ಶ್ರೀರಂಗಪಟ್ಟಣ ಇದೆ.

ಒಂದೇ ಊರು, ಒಂದೇ ವರ್ಷ. ಅಂಕಿ ಮಾತ್ರ ನಾಲ್ಕು. ಇದು ಹೇಗೆ?

ಆಗ ಬೆಂಗಳೂರು ಒಂದೇ ಊರಾಗಿರಲಿಲ್ಲ ಎನ್ನುವುದೇ ಇದಕ್ಕೆ ಉತ್ತರ. ಹಳಬರ ಬಾಯಲ್ಲಿ ಅದು ಪೇಟೆ ಮತ್ತು ದಂಡು. ಕೆಂಪೇಗೌಡರ ಕಾಲದ ಪೇಟೆಯ ಪಕ್ಕದಲ್ಲಿ 1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಸಿತು. 1862ರಲ್ಲಿ ಪೇಟೆಗೆ ಒಂದು ಮುನಿಸಿಪಲ್ ಬೋರ್ಡು ಬಂತು, ಮರುವರ್ಷ ದಂಡಿಗೆ ಇನ್ನೊಂದು. 1881ರ ಮಾರ್ಚ್ 25ರಂದು ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಪೇಟೆ ಮಹಾರಾಜರ ಆಡಳಿತಕ್ಕೆ ಹೋಯಿತು. ದಂಡಿನ ಪ್ರದೇಶವನ್ನು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿ ಉಳಿಸಿಕೊಳ್ಳಲಾಯಿತು. ಅದು ಸಂಸ್ಥಾನಕ್ಕೆ ಮರಳಿದ್ದು 1947ರ ಜುಲೈ 26ರಂದು. ಎರಡೂ ಸೇರಿ ಒಂದು ಕಾರ್ಪೊರೇಷನ್ ಆಗಲು 1949ರವರೆಗೆ ಕಾಯಬೇಕಾಯಿತು.

ಹೀಗಾಗಿ ಹಳೆಯ ಕೋಷ್ಟಕಗಳಲ್ಲಿ ‘ಬೆಂಗಳೂರು ಸಿಟಿ’ ಎಂದರೆ ಪೇಟೆ ಮತ್ತು ಅದರ ಬಡಾವಣೆಗಳು, ಅಷ್ಟೇ. 69,447 ಅದರ ಅಂಕಿ. ಸ್ಟೇಷನ್ನಿನದು 89,599. ಎರಡನ್ನೂ ಕೂಡಿದರೆ 1,59,046. ನಾಲ್ಕನೆಯ ಅಂಕಿ 1901ರ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಎಷ್ಟೋ ದಶಕಗಳ ನಂತರದ ವರದಿಗಳು ಹಿಂದಿರುಗಿ ನೋಡಿ ಕೊಟ್ಟ ಅಂಕಿ ಅದು. ಅದರ ಕಥೆ ಬೇರೆಯೇ ಇದೆ, ಮುಂದೆ ಬರುತ್ತದೆ.

‘ಸಿಟಿ’ ಎಂಬ ಪದ ಕಂಡ ಕೂಡಲೇ ಇಡೀ ಬೆಂಗಳೂರು ಎಂದುಕೊಂಡು 69,447ನ್ನು 1951ರ ಅಂಕಿಯ ಪಕ್ಕ ಇಟ್ಟವರನ್ನು ಕಂಡಿದ್ದೇನೆ. ಹಾಗೆ ಮಾಡಿದರೆ ಬೆಳವಣಿಗೆ ಹನ್ನೊಂದು ಪಟ್ಟು ಆಗಿಬಿಡುತ್ತದೆ. ನಿಜಕ್ಕೂ ಅದು ಐದು ಪಟ್ಟಿಗಿಂತ ಕಡಿಮೆ.

ಪೇಟೆ ಮತ್ತು ದಂಡಿನ ಅಂಕಿಗಳನ್ನು ಒಟ್ಟಿಗೆ ಎಲ್ಲಿ ನೋಡಬಹುದು?

ಪ್ರತಿ ದಶಕದ ಮೈಸೂರು ವರದಿಯಲ್ಲೂ ಎರಡೂ ಬೇರೆ ಬೇರೆ ಸಾಲುಗಳಲ್ಲಿ ಸಿಗುತ್ತವೆ. ಒಂದೇ ಕಡೆ ಬರೆದುಕೊಂಡರೆ ಹೀಗೆ ಕಾಣುತ್ತದೆ:

| ವರ್ಷ | ಪೇಟೆ (ಸಿಟಿ) | ದಂಡು (ಸ್ಟೇಷನ್) | ಒಟ್ಟು |
|---|---|---|---|
| 1871 | 60,703 | 81,810 | 1,42,513 |
| 1881 | 62,317 | 93,540 | 1,55,857 |
| 1891 | 80,285 | 1,00,081 | 1,80,366 |
| 1901 | 69,447 | 89,599 | 1,59,046 |
| 1911 | 88,651 | 1,00,834 | 1,89,485 |
| 1921 | 1,18,556 | 1,18,940 | 2,37,496 |
| 1931 | 1,72,357 | 1,34,113 | 3,06,470 |
| 1941 | 2,48,334 | 1,58,426 | 4,06,760 |

ಒಟ್ಟು ಕಾಲಂ ಮಾತ್ರ ನೋಡಿದರೆ ಊರು ಬೆಳೆಯಿತು ಎಂಬುದಷ್ಟೇ ತಿಳಿಯುತ್ತದೆ. ಬೇರೆ ಬೇರೆ ಇಟ್ಟು ನೋಡಿ. ಐವತ್ತು ವರ್ಷ ಪೇಟೆಗಿಂತ ದಂಡೇ ದೊಡ್ಡದಾಗಿತ್ತು. 1921ರಲ್ಲಿ ಇಬ್ಬರ ನಡುವೆ ಬರೀ 384 ಜನರ ಅಂತರ. ಪೇಟೆ ಮೊದಲ ಬಾರಿಗೆ ಮುಂದೆ ಹೋದದ್ದು 1931ರ ಎಣಿಕೆಯಲ್ಲಿ. ಬೆಂಗಳೂರಿನ ಬಗ್ಗೆ ಬರೆದ ಎಷ್ಟೋ ಲೇಖನಗಳಲ್ಲಿ ಈ ಸಂಗತಿ ಬಿಟ್ಟುಹೋಗುವುದಕ್ಕೆ ಕಾರಣ, ಬರೆದವರು ಕೂಡಿದ ಅಂಕಿಯನ್ನಷ್ಟೇ ತೆಗೆದುಕೊಂಡಿರುವುದು.

ಕೋಷ್ಟಕದಲ್ಲಿ ‘ದಂಡು’ ಎಂದರೆ ಬ್ಯಾರಕ್ಕಿನ ಸಿಪಾಯಿಗಳು ಎಂದು ತಿಳಿಯಬೇಡಿ. ವ್ಯಾಪಾರಿಗಳು, ಕೂಲಿಯವರು, ಗುಮಾಸ್ತರು, ಬಟ್ಲರುಗಳು, ಅವರೆಲ್ಲರ ಸಂಸಾರ ಸೇರಿದ ಪೂರ್ತಿ ಪಟ್ಟಣ ಅದು.

1891ಕ್ಕೂ 1901ಕ್ಕೂ ನಡುವೆ ಜನಸಂಖ್ಯೆ ಇಳಿದಿದೆಯಲ್ಲ. ತಪ್ಪು ಅಚ್ಚಾಗಿದೆಯೇ?

ಇಲ್ಲ. ಅದು ಪ್ಲೇಗು.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಸತ್ತವರು ಎಷ್ಟೋ ಮಂದಿ. ಮನೆಗೆ ಬೀಗ ಹಾಕಿ ಹಳ್ಳಿಗೆ ಹೋದವರು, ಊರಾಚೆ ಗುಡಿಸಲು ಕಟ್ಟಿಕೊಂಡವರು ಇನ್ನೂ ಹೆಚ್ಚು. ಎಣಿಕೆ ನಡೆದದ್ದು 1901ರ ಮಾರ್ಚ್ 1ರ ರಾತ್ರಿ. ಆ ಕಾಲದ ಗಣತಿ ಒಂದೇ ರಾತ್ರಿಯ ಗಣತಿ. ಆ ರಾತ್ರಿ ಯಾರು ಎಲ್ಲಿ ಮಲಗಿದ್ದರೋ ಅಲ್ಲೇ ಅವರ ಲೆಕ್ಕ. ಬೆಳದಿಂಗಳಿರುವ ರಾತ್ರಿಯನ್ನೇ ಆರಿಸುತ್ತಿದ್ದರು, ಗಣತಿದಾರರು ಮನೆ ಮನೆ ಸುತ್ತಬೇಕಲ್ಲ. ಊರು ಬಿಟ್ಟು ಹೋದವನು ಬೆಂಗಳೂರಿನವನೇ ಆದರೂ ಅವನು ಎಣಿಕೆಯಾದದ್ದು ಬೇರೆ ಊರಿನ ಪುಸ್ತಕದಲ್ಲಿ.

ಇಂಥ ಇಳಿಕೆ ನಿಜವೋ ಅಚ್ಚಿನ ತಪ್ಪೋ ಎಂದು ತಿಳಿಯಲು ಎರಡು ಕಡೆ ನೋಡುತ್ತೇನೆ. ಒಂದು, ಪಕ್ಕದ ಸಾಲು. ಪೇಟೆ 10,838 ಜನರನ್ನು ಕಳೆದುಕೊಂಡಿದೆ, ದಂಡು 10,482. ಎರಡು ಬೇರೆ ಆಡಳಿತಗಳು ಎಣಿಸಿದರೂ ಇಳಿಕೆ ಹೆಚ್ಚು ಕಡಿಮೆ ಒಂದೇ ಅಳತೆಯದು, ಆದ್ದರಿಂದ ಅಚ್ಚಿನ ಮೊಳೆ ಜಾರಿದ ಪ್ರಕರಣ ಇದಲ್ಲ. ಎರಡು, ಆಸುಪಾಸಿನ ಪ್ರದೇಶ. ಅದೇ ಹತ್ತು ವರ್ಷದಲ್ಲಿ ಇಡೀ ಮೈಸೂರು ಸಂಸ್ಥಾನ 49,43,604ರಿಂದ 55,39,399ಕ್ಕೆ ಏರಿತು, ಶೇಕಡ 12ರಷ್ಟು. ಬೆಂಗಳೂರು ಮಾತ್ರ ಶೇಕಡ 11.8ರಷ್ಟು ಇಳಿಯಿತು. ಮೈಸೂರು ನಗರವೂ 74,048ರಿಂದ 68,111ಕ್ಕೆ ಇಳಿದಿದೆ. ನಾಡು ಏರಿ ದೊಡ್ಡ ಊರುಗಳು ಇಳಿದಿದ್ದರೆ ಊರುಗಳಿಗೇ ತಗುಲಿದ ಕಾರಣವನ್ನು ಹುಡುಕಬೇಕು.

ಇದಕ್ಕೆ ತದ್ವಿರುದ್ಧವಾದದ್ದು 1881. ಅದಕ್ಕೆ ಮುಂಚಿನ 1876–78ರ ಬರದಲ್ಲಿ ಸಂಸ್ಥಾನದ ಜನಸಂಖ್ಯೆ 50,55,412ರಿಂದ 41,86,188ಕ್ಕೆ ಕುಸಿಯಿತು. ಬೆಂಗಳೂರು ಮಾತ್ರ ಏರಿದೆ. ಈ ಏರಿಕೆಯನ್ನು ಊರಿನ ಏಳಿಗೆ ಎಂದು ಓದಿದರೆ ತಪ್ಪಾದೀತು. ಬರ ಬಿದ್ದಾಗ ಗಂಜಿ, ಕೂಲಿ ಸಿಗುವ ಕಡೆಗೆ ಜನ ನಡೆಯುತ್ತಾರೆ.

ಹಾಗಾದರೆ 1,63,091 ಎಂಬ ಅಂಕಿ ಎಲ್ಲಿಂದ ಬಂತು? ಎಲ್ಲ ಕಡೆ ಅದೇ ಕಾಣುತ್ತದಲ್ಲ?

ಸ್ವಾತಂತ್ರ್ಯದ ನಂತರದ ಜನಗಣತಿಗಳಲ್ಲಿ ಎ-4 ಎಂಬ ಕೋಷ್ಟಕ ಇದೆ. 1901ರಿಂದ ಈಚೆಗೆ ಪ್ರತಿ ಪಟ್ಟಣದ ಜನಸಂಖ್ಯೆ ಹೇಗೆ ಬದಲಾಯಿತು ಎಂದು ಒಂದೇ ಕಡೆ ಕೊಡುವ ಕೋಷ್ಟಕ. ಬಲು ಅನುಕೂಲ, ಅದಕ್ಕೇ ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ಆದರೆ ಅಲ್ಲಿ ‘ಬೆಂಗಳೂರು’ ಎಂದರೆ ಸುತ್ತಲಿನ ಪಟ್ಟಣಗಳನ್ನೂ ಸೇರಿಸಿಕೊಂಡ ನಗರ ಸಮುಚ್ಚಯ. ಇಂದಿನ ಬೆಂಗಳೂರನ್ನು ಹಿಂದಿನ ದಶಕಗಳ ಮೇಲೆ ಹೊದಿಸಿದ್ದಾರೆ.

ಎರಡೂ ಸಾಲುಗಳನ್ನು ಪಕ್ಕದಲ್ಲಿಟ್ಟು ಕಳೆದು ನೋಡಿ. 1901ರಲ್ಲಿ ವ್ಯತ್ಯಾಸ 4,045. 1911ರಲ್ಲಿ ಸೊನ್ನೆ, ಎರಡರಲ್ಲೂ 1,89,485. 1921ರಲ್ಲಿ ಹೊಸ ಸಾಲು 2,40,054 ಎನ್ನುತ್ತದೆ, ಹಳೆಯದು 2,37,496. ವ್ಯತ್ಯಾಸ 2,558. 1931ರಲ್ಲಿ 3,315, 1941ರಲ್ಲಿ 4,207.

ಆ 1911ರ ಸೊನ್ನೆಯೇ ಸುಳಿವು. ಊರಿನ ಗಡಿಯನ್ನು ದೊಡ್ಡದು ಮಾಡಿ ಹಳೆಯ ಅಂಕಿಗಳನ್ನೆಲ್ಲ ತಿದ್ದಿದ್ದರೆ ವ್ಯತ್ಯಾಸ ಪ್ರತಿ ದಶಕದಲ್ಲೂ ಇರಬೇಕಿತ್ತು. ಒಮ್ಮೆ ಇದ್ದು, ಒಮ್ಮೆ ಮಾಯವಾಗಿ, ಮತ್ತೆ ಕಾಣಿಸಿಕೊಳ್ಳುವ ವ್ಯತ್ಯಾಸ ಪಟ್ಟಣಗಳ ಪಟ್ಟಿಯ ಲಕ್ಷಣ. ಹೊರವಲಯದ ಒಂದು ಊರು ಯಾವ ದಶಕದಲ್ಲಿ ಪಟ್ಟಣ ಎನಿಸಿಕೊಂಡಿತ್ತೋ ಆ ದಶಕದಲ್ಲಿ ಮಾತ್ರ ಅದರ ಜನ ಈ ಸಾಲಿಗೆ ಬರುತ್ತಾರೆ, ಹಳ್ಳಿ ಎನಿಸಿಕೊಂಡಿದ್ದರೆ ಬರುವುದಿಲ್ಲ. ಇದನ್ನು ಖಚಿತ ಮಾಡಿಕೊಳ್ಳುವ ದಾರಿಯೂ ಸುಲಭ. ನೀವು ಬಳಸುವ ಎ-4 ಕೋಷ್ಟಕದಲ್ಲಿ ಸಮುಚ್ಚಯದ ಕೆಳಗೆ ಕೊಟ್ಟಿರುವ ಬಿಡಿ ಊರುಗಳ ಹೆಸರು ಮತ್ತು ಅಡಿಟಿಪ್ಪಣಿ ಬರೆದುಕೊಳ್ಳಿ. 1901ರ ಮೂಲ ಪಟ್ಟಿಯಲ್ಲಿ ಆ ಹೆಸರುಗಳನ್ನು ಹುಡುಕಿ. ಸಿಕ್ಕವನ್ನು ಕೂಡಿ 4,045 ಬಂದರೆ ಲೆಕ್ಕ ಚುಕ್ತಾ.

ನಾನೇ ಒಮ್ಮೆ ಕೆಟ್ಟದ್ದು ಇಲ್ಲಿ. 1891ಕ್ಕೆ ಹಳೆಯ ವರದಿಯಿಂದ 1,80,366 ತೆಗೆದುಕೊಂಡೆ. 1901ಕ್ಕೆ ಕೈಗೆ ಸುಲಭವಾಗಿ ಸಿಕ್ಕಿದ 1,63,091. ಪ್ಲೇಗಿನ ಇಳಿಕೆ ಶೇಕಡ 9.6 ಎಂದು ಬರೆದು ಕೊಟ್ಟೆ. ಅದು ಅಚ್ಚಾಗಿಯೂ ಹೋಯಿತು. ಸರಿಯಾದದ್ದು 11.8. ಕೂಡುವುದು ಕಳೆಯುವುದೆಲ್ಲ ಸರಿಯಾಗೇ ಇತ್ತು, ಎರಡು ಬೇರೆ ಬೇರೆ ಬೆಂಗಳೂರುಗಳನ್ನು ಒಂದರಿಂದ ಒಂದು ಕಳೆದಿದ್ದೆ, ಅಷ್ಟೇ. ಅಂದಿನಿಂದ ಒಂದು ಸಾಲಿಗೆ ಒಂದೇ ಮೂಲ ಎಂಬ ಪಥ್ಯ ಹಿಡಿದಿದ್ದೇನೆ.

ನನ್ನ ಊರು ಹುಬ್ಬಳ್ಳಿ ಕಡೆಯದು. ಮೈಸೂರು ವರದಿಯಲ್ಲಿ ಸಿಗುತ್ತಿಲ್ಲ.

ಸಿಗುವುದೂ ಇಲ್ಲ. ಇಂದಿನ ಕರ್ನಾಟಕ ಆಗ ಐದಾರು ಕಡೆ ಹಂಚಿಹೋಗಿತ್ತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯ ಊರುಗಳಿಗೆ ಮುಂಬಯಿ ಪ್ರಾಂತ್ಯದ ಸಂಪುಟ ತೆಗೆಯಬೇಕು. ಮಂಗಳೂರು, ಬಳ್ಳಾರಿಗೆ ಮದರಾಸು. ಕಲಬುರಗಿ, ರಾಯಚೂರು, ಬೀದರಿಗೆ ಹೈದರಾಬಾದು. ಕೊಡಗಿಗೆ ಅದರದೇ ವರದಿ. ಸಂಪುಟದ ಸಂಖ್ಯೆಯನ್ನು ನಂಬಿ ಹುಡುಕಬೇಡಿ, ಪ್ರತಿ ಗಣತಿಗೂ ಅದು ಬದಲಾಗುತ್ತದೆ. ಮೈಸೂರಿನದು 1901ರಲ್ಲಿ 24ನೆಯ ಸಂಪುಟ, 1911ರಲ್ಲಿ 21ನೆಯದು.

ಮೊದಲ ಗಣತಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಆ ಬಾರಿ ಎಲ್ಲ ಕಡೆ ಒಂದೇ ದಿನ ಎಣಿಸಲಿಲ್ಲ. ಮೈಸೂರು ಮತ್ತು ಮದರಾಸು 1871ರ ನವೆಂಬರಿನಲ್ಲೇ ಮುಗಿಸಿದವು, ಮುಂಬಯಿ 1872ರ ಫೆಬ್ರವರಿಯಲ್ಲಿ ಎಣಿಸಿತು. ಆಮೇಲಿನ ಅಖಿಲ ಭಾರತ ಕೋಷ್ಟಕಗಳು ಇವೆಲ್ಲವನ್ನೂ ‘1872’ ಎಂಬ ಒಂದೇ ಕಾಲಮ್ಮಿಗೆ ತುಂಬಿದವು. ಬೆಂಗಳೂರಿನ 1,42,513ಕ್ಕೆ ಒಬ್ಬರು 1871, ಇನ್ನೊಬ್ಬರು 1872 ಎಂದು ಬರೆದಿದ್ದರೆ ಇಬ್ಬರೂ ಹೇಳುತ್ತಿರುವುದು ಅದೇ ಎಣಿಕೆಯನ್ನು. ಹೈದರಾಬಾದ್ ಸಂಸ್ಥಾನದಲ್ಲಿ ಮೊದಲ ಗಣತಿ 1881ರದು, ಹಾಗಾಗಿ ರಾಯಚೂರು, ಕಲಬುರಗಿಗೆ 1872ರ ಕಾಲಂ ಖಾಲಿ ಇರುತ್ತದೆ. ಅಲ್ಲಿ ಗೆರೆ ಎಳೆದಿದ್ದರೆ ಅದು ಸೊನ್ನೆ ಅಲ್ಲ.

ಸಾವಿರ ಪುಟದ ವರದಿಯಲ್ಲಿ ಎಲ್ಲಿ ನೋಡಬೇಕು?

ಸಾಮಾನ್ಯವಾಗಿ ಮೊದಲ ಭಾಗ ವರದಿಯ ಬರಹ, ಎರಡನೆಯ ಭಾಗ ಕೋಷ್ಟಕಗಳು. ಬೇಕಾದ ಪಟ್ಟಿ ಎರಡನೆಯ ಭಾಗದಲ್ಲಿ. 1901ರ ಮಾದರಿಯಲ್ಲಿ ನಾಲ್ಕನೆಯ ಕೋಷ್ಟಕ ಪಟ್ಟಣಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತಾ ಹಿಂದಿನ ಗಣತಿಗಳ ಅಂಕಿಗಳನ್ನೂ ಕೊಡುತ್ತದೆ. ಐದನೆಯದು ಅವನ್ನೇ ಜಿಲ್ಲಾವಾರು ಜೋಡಿಸಿ ಧರ್ಮವಾರು ಅಂಕಿ ಕೊಡುತ್ತದೆ. ನಾಲ್ಕನ್ನು ಓದಿ ಐದರಲ್ಲಿ ತಾಳೆ ನೋಡಿ. ಅಂಕಿ ಹೀಗೇಕೆ ಆಯಿತು ಎಂಬುದಕ್ಕೆ ಮೊದಲ ಭಾಗದಲ್ಲಿ ಪಟ್ಟಣಗಳ ಅಧ್ಯಾಯ ಓದಬೇಕು. ಪ್ಲೇಗು, ರೈಲು, ಗಣಿ, ಜಾತ್ರೆ ಎಲ್ಲ ಅಲ್ಲೇ ಇರುತ್ತವೆ.

archive.org ಮತ್ತು censusindia.gov.in ಎರಡರಲ್ಲೂ ಸ್ಕ್ಯಾನ್ ಪ್ರತಿಗಳು ಸಿಗುತ್ತವೆ. ಹುಡುಕುವಾಗ ಹೀಗೆ ಟೈಪ್ ಮಾಡಿದರೆ ಬೇಗ ಕೈಗೆ ಬರುತ್ತದೆ:

```
Census of India 1901 Mysore Part II Tables
```

ಊರಿನ ಹೆಸರು ಟೈಪ್ ಮಾಡಿದರೆ ಏನೂ ಬರುವುದಿಲ್ಲ. ಏಕೆ?

ಇಂದಿನ ಹೆಸರು ಟೈಪ್ ಮಾಡಿರುತ್ತೀರಿ. ರಾಮನಗರ ಆಗ ಕ್ಲೋಸ್‌ಪೇಟೆ, ಪಾಂಡವಪುರ ಆಗ ಫ್ರೆಂಚ್ ರಾಕ್ಸ್. ಚಿತ್ರದುರ್ಗ, ಶ್ರೀರಂಗಪಟ್ಟಣ, ಧಾರವಾಡಗಳನ್ನು ಬ್ರಿಟಿಷರು ತಮ್ಮ ನಾಲಿಗೆಗೆ ಒಗ್ಗಿದಂತೆ ಬರೆದಿದ್ದಾರೆ. ಪೆಟ್ಟಿಗೆಯಲ್ಲಿ ಇವನ್ನು ಹಾಕಿ ನೋಡಿ: Closepet, French Rocks, Chitaldroog, Seringapatam, Dharwar. ಅದರಲ್ಲೂ ಒಂದೇ ಊರು ಎರಡು ವರದಿಗಳಲ್ಲಿ ಎರಡು ಕಾಗುಣಿತದಲ್ಲಿ ಇರುವುದುಂಟು. ಹೆಸರಿನ ಅರ್ಧ ಭಾಗ ಮಾತ್ರ ಹಾಕಿ ಹುಡುಕುವುದು ಮೇಲು. ಅದೂ ಆಗದಿದ್ದರೆ ತಾಲ್ಲೂಕಿನ ಹೆಸರು ಹಿಡಿದು ಆ ಪುಟಕ್ಕೆ ಹೋಗಿ ಕಣ್ಣಲ್ಲೇ ಓದಿ. ಹತ್ತು ನಿಮಿಷದ ಕೆಲಸ.

ಸ್ಕ್ಯಾನ್ ಪ್ರತಿಯಿಂದ ನಕಲು ಮಾಡಿದ ಅಂಕಿ ನಂಬಬಹುದೇ?

ಕಂಪ್ಯೂಟರ್ ಓದಿ ಕೊಟ್ಟ ಪಠ್ಯವನ್ನು ನಂಬಬೇಡಿ, ಪುಟದ ಚಿತ್ರ ನೋಡಿ. ಸವೆದ ಅಚ್ಚಿನಲ್ಲಿ 3 ಮತ್ತು 8, 5 ಮತ್ತು 6, 1 ಮತ್ತು 7 ಒಂದರಂತೆ ಒಂದು ಕಾಣುತ್ತವೆ. ಗಂಡಸರ ಅಂಕಿ, ಹೆಂಗಸರ ಅಂಕಿ ಕೂಡಿದರೆ ಒಟ್ಟು ಬರಬೇಕು. ಧರ್ಮವಾರು ಅಂಕಿಗಳನ್ನು ಕೂಡಿದರೂ ಅದೇ ಬರಬೇಕು. ಮೇಲಿನ ಬೆಂಗಳೂರಿನ ಸಾಲುಗಳನ್ನು ಹೀಗೇ ಕೂಡಿ ನೋಡಿಯೇ ಇಲ್ಲಿ ಹಾಕಿದ್ದು.

‘ಪಟ್ಟಣ’, ‘ಸಿಟಿ’ ಎಂದು ಬರೆದಿದ್ದರೆ ಊರಿಗೆ ಆ ಪದವಿ ಇತ್ತು ಎಂದೇ ಅರ್ಥವೇ?

ಯಾವ ಪದವಿ ಎಂದು ಮೊದಲು ಕೇಳಿಕೊಳ್ಳಬೇಕು. ಊರಿನ ಪದವಿ ಮೂರು ಬಗೆಯದು, ಮೂರೂ ಒಟ್ಟಿಗೆ ಏರುವುದಿಲ್ಲ, ಒಟ್ಟಿಗೆ ಇಳಿಯುವುದೂ ಇಲ್ಲ. ಆಡಳಿತದ ಪದವಿ ಒಂದು: ರಾಜಧಾನಿ, ಜಿಲ್ಲಾ ಕೇಂದ್ರ, ತಾಲ್ಲೂಕು ಕಸಬೆ, ಹೋಬಳಿ. ಇನ್ನೊಂದು ಸ್ಥಳೀಯ ಸಂಸ್ಥೆಯದು: ಮುನಿಸಿಪಾಲಿಟಿ ಇತ್ತೇ, ದಂಡಿನ ಪ್ರದೇಶವೇ, ಕಾರ್ಪೊರೇಷನ್ನೇ. ಮೂರನೆಯದು ಜನಗಣತಿಯವರು ತಮ್ಮ ಅನುಕೂಲಕ್ಕೆ ಕೊಟ್ಟುಕೊಂಡದ್ದು.

1901ರ ನಿಯಮ ಹೀಗಿತ್ತು. ಮುನಿಸಿಪಾಲಿಟಿ ಇರುವುದೆಲ್ಲ ಪಟ್ಟಣ, ದಂಡಿನ ಪ್ರದೇಶವೆಲ್ಲ ಪಟ್ಟಣ, ಅವುಗಳ ಹೊರಗಿನ ಸಿವಿಲ್ ಲೈನ್ಸೂ ಪಟ್ಟಣ. ಇವಲ್ಲದೆ ಮನೆಗಳು ಒತ್ತಾಗಿದ್ದು 5,000ಕ್ಕೆ ಕಡಿಮೆ ಇಲ್ಲದಷ್ಟು ಜನರಿರುವ ಊರನ್ನು ಪ್ರಾಂತ್ಯದ ಜನಗಣತಿ ಸೂಪರಿಂಟೆಂಡೆಂಟರು ಇಷ್ಟಪಟ್ಟರೆ ಪಟ್ಟಣ ಎನ್ನಬಹುದು. ಆ ‘ಇಷ್ಟಪಟ್ಟರೆ’ ಎಂಬಲ್ಲಿ ಅಧಿಕಾರಿಯ ಮರ್ಜಿಗೆ ಜಾಗ ಇದೆ. ಮುನಿಸಿಪಾಲಿಟಿ ಇದ್ದರೆ 5,000 ಜನ ಬೇಕಾಗಿರಲಿಲ್ಲ, ಹೀಗಾಗಿ ಮೈಸೂರಿನ ಸಣ್ಣ ಸಣ್ಣ ಕಸಬೆಗಳೂ ಪಟ್ಟಿ ಸೇರಿದವು. 1901ರಲ್ಲಿ ಸಂಸ್ಥಾನದ ಪಟ್ಟಣಗಳು 128.

‘ಸಿಟಿ’ಗೆ ಅಖಿಲ ಭಾರತ ಮಟ್ಟದಲ್ಲಿ ಒಂದು ಲಕ್ಷ ಜನ ಇರಬೇಕೆಂದು ಲೆಕ್ಕ. ಮೈಸೂರಿನ ವರದಿಗಳು ಅಷ್ಟಕ್ಕೆ ಕಾಯಲಿಲ್ಲ. ಮೈಸೂರು ನಗರವನ್ನೂ ಕೋಲಾರದ ಚಿನ್ನದ ಗಣಿಯನ್ನೂ ಲಕ್ಷ ಮುಟ್ಟುವ ಮೊದಲೇ ಸಿಟಿಗಳ ಸಾಲಿಗೆ ಸೇರಿಸಿಕೊಂಡವು. ಈ ಚಿನ್ನದ ಗಣಿಯ ಪ್ರದೇಶವನ್ನು ಗಮನಿಸಿ: 1891ರಲ್ಲಿ 7,085 ಜನ, 1901ರಲ್ಲಿ 38,204. ರಾಜಧಾನಿಯಲ್ಲ, ಜಿಲ್ಲಾ ಕೇಂದ್ರವಲ್ಲ, ಹಳೆಯ ಪೇಟೆಯೂ ಅಲ್ಲ. ಹತ್ತು ವರ್ಷದಲ್ಲಿ ನೆಲದಡಿಯಿಂದ ಎದ್ದು ಬಂದ ಊರು. ಶ್ರೀರಂಗಪಟ್ಟಣ ಅದರ ಉಲ್ಟಾ. ಹೆಸರಿನಲ್ಲೇ ಪಟ್ಟಣ, ಒಂದು ಕಾಲದ ರಾಜಧಾನಿ, 1901ರಲ್ಲಿ 8,584 ಜನ.

ಒಂದು ಗಣತಿಯಲ್ಲಿ ಪಟ್ಟಣವಾಗಿದ್ದ ಊರು ಮುಂದಿನದರಲ್ಲಿ ಮಾಯವಾಗಿದೆ. ಊರು ಹಾಳಾಯಿತೇ?

ಹಾಗೆ ಬರೆಯುವ ಮುನ್ನ ಗ್ರಾಮಗಳ ಪಟ್ಟಿ ತೆರೆಯಿರಿ. ಬಹಳ ಸಲ ಊರು ಇದ್ದಲ್ಲೇ ಇರುತ್ತದೆ, ಪಟ್ಟಣದ ವ್ಯಾಖ್ಯೆ ಬದಲಾಗಿರುತ್ತದೆ. ಇದು ಹೆಚ್ಚು ಕಾಣುವುದು 1961ರಲ್ಲಿ. ಆ ಬಾರಿ ಬಿಗಿಯಾದ ಅಳತೆಗೋಲು ತಂದರು: 5,000 ಜನ, ಚದರ ಮೈಲಿಗೆ ಸಾವಿರ ಜನರ ಸಾಂದ್ರತೆ, ಜೊತೆಗೆ ದುಡಿಯುವ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಬೇಸಾಯವಲ್ಲದ ಕಸುಬಿನವರಾಗಿರಬೇಕು. ದೊಡ್ಡ ಊರಾದರೂ ರೈತರೇ ಹೆಚ್ಚಿದ್ದರೆ, ಪುರಸಭೆಯೂ ಇಲ್ಲದಿದ್ದರೆ, ಹಳ್ಳಿಯ ಪಟ್ಟಿಗೆ ಹೋಯಿತು. ಗ್ರಾಮಗಳ ಪಟ್ಟಿಗೆ 1951ರಿಂದ ಪ್ರಕಟವಾಗುತ್ತಾ ಬಂದ ಜಿಲ್ಲಾ ಜನಗಣತಿ ಕೈಪಿಡಿಗಳೇ ಒಳ್ಳೆಯ ದಾರಿ.

1871ಕ್ಕಿಂತ ಹಿಂದಕ್ಕೆ ಹೋಗಬೇಕು. ಜನಗಣತಿಯೇ ಇಲ್ಲವಲ್ಲ?

ತಲೆ ಎಣಿಕೆ ಇಲ್ಲ, ಮನೆ ಎಣಿಕೆ ಇದೆ. ಮೈಸೂರಿನಲ್ಲಿ ಅದಕ್ಕೆ ಖಾನೇಷುಮಾರಿ ಎನ್ನುತ್ತಿದ್ದರು. ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ತೆರಿಗೆ ವಸೂಲಿಯ ಕೆಲಸದ ಜೊತೆಗೇ ಬೆಳೆದ ಲೆಕ್ಕ ಇದು. ಮನೆಗಳಿಂದ ಜನಸಂಖ್ಯೆಗೆ ಹೋಗಲು ಒಂದು ಗುಣಕ ಬೇಕು, ಆ ಗುಣಕದಲ್ಲೇ ಎಲ್ಲ ಅಡಗಿದೆ. ಶ್ರೀರಂಗಪಟ್ಟಣವನ್ನೇ ನೋಡೋಣ.

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಾಡಿನ ಸಮೀಕ್ಷೆಗೆ ಹೊರಟಿದ್ದ ಫ್ರಾನ್ಸಿಸ್ ಬುಕಾನನ್ ಅಲ್ಲಿಗೆ ಬಂದ. ಕೋಟೆಯೊಳಗೆ 4,163 ಮನೆ, 5,499 ಸಂಸಾರ ಎಂದೂ ಗಂಜಾಮಿನ ಪೇಟೆಯಲ್ಲಿ 2,216 ಮನೆ, 3,335 ಸಂಸಾರ ಎಂದೂ ಬರೆದುಕೊಂಡ. ಮನೆಗೆ ಐವರಂತೆ ಹಿಡಿದು ಒಟ್ಟು ಜನ 31,895 ಎಂದ, ಸೈನ್ಯವನ್ನು ಬಿಟ್ಟು. ಕೂಡಿ ನೋಡಿ: ಮನೆಗಳು 6,379, ಐದರಿಂದ ಗುಣಿಸಿದರೆ ಸರಿಯಾಗಿ 31,895.

ಕೊನೆಯ ಅಂಕಿಯವರೆಗೂ ನಿಖರವಾಗಿ ಕಾಣುವುದರಿಂದ ಯಾರೋ ತಲೆ ಎಣಿಸಿದ್ದಾರೆ ಎಂದು ಓದುವವರು ಮೋಸಹೋಗುತ್ತಾರೆ. ಆ ನಿಖರತೆ ಗುಣಾಕಾರದ್ದು. ಅದೇ ಬುಕಾನನ್ ಸಂಸಾರಕ್ಕೆ ಐವರಂತೆ ಹಿಡಿದಿದ್ದರೆ? ಸಂಸಾರಗಳು 8,834, ಜನ 44,170. ಅದೇ ದಿನ, ಅದೇ ಊರು, ಹನ್ನೆರಡು ಸಾವಿರ ಜನರ ಅಂತರ. ಒಂದು ಮನೆಯಲ್ಲಿ ಸರಾಸರಿ 1.4ರಷ್ಟು ಸಂಸಾರ ಇದ್ದ ಊರಿಗೆ ಮನೆಗೆ ಐವರು ಎಂಬುದು ನನಗಂತೂ ಕಡಿಮೆ ಎನಿಸುತ್ತದೆ. ಆದರೆ ಯುದ್ಧ ಮುಗಿದು ವರ್ಷವಾಗಿದ್ದ ಊರಿನಲ್ಲಿ ಒಡೆದುಹೋದ ಸಂಸಾರಗಳೂ ಇದ್ದಿರಬೇಕು. ಆದ್ದರಿಂದ ನಾನು ಬರೆಯುವುದಾದರೆ ‘6,379 ಮನೆಗಳು’ ಎಂದು ಮುಂದಿಟ್ಟು, ಜನಸಂಖ್ಯೆಯನ್ನು 32,000ದಿಂದ 44,000 ಎಂಬ ಹರವಾಗಿ ಹಿಂದಿಡುತ್ತೇನೆ. ಟಿಪ್ಪುವಿನ ಕಾಲದ ಒಂದೂವರೆ ಲಕ್ಷ ಎಂಬ ಅಂಕಿಯೂ ಬುಕಾನನ್ ಕಡೆಯಿಂದಲೇ ಬಂದದ್ದು. ಅದಕ್ಕೆ ಮನೆ ಎಣಿಕೆಯ ಆಧಾರವೂ ಇಲ್ಲ, ಅಂದಾಜು ಅಷ್ಟೇ. ಒಂದೂವರೆ ಲಕ್ಷ, 31,895, 8,584 ಮೂರನ್ನೂ ಒಂದೇ ನಕ್ಷೆಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆದರೆ ಚೆಂದ ಕಾಣುತ್ತದೆ, ಆದರೆ ಆ ಗೆರೆ ಒಂದು ಊಹೆಯಿಂದ ಒಂದು ಗುಣಾಕಾರಕ್ಕೆ, ಅಲ್ಲಿಂದ ಒಂದು ಎಣಿಕೆಗೆ ಜಿಗಿಯುತ್ತಿರುತ್ತದೆ.

ಶಾಸನಗಳಲ್ಲಿ ‘ಬನವಾಸಿ ಹನ್ನೆರಡು ಸಾವಿರ’, ‘ಗಂಗವಾಡಿ ತೊಂಬತ್ತಾರು ಸಾವಿರ’ ಎಂದಿದೆ. ಅದು ಜನಸಂಖ್ಯೆ ಅಲ್ಲವೇ?

ಅಲ್ಲ. ಪನ್ನಿರ್ಚ್ಛಾಸಿರ, ತೊಂಬತ್ತರುಸಾಸಿರ ಎಂಬವು ನಾಡಿಗೆ ಅಂಟಿದ ಸಂಖ್ಯೆಗಳು. ಹಳ್ಳಿಗಳ ಸಂಖ್ಯೆ ಎಂದು ಕೆಲವರು, ಹುಟ್ಟುವಳಿಯ ಲೆಕ್ಕ ಎಂದು ಕೆಲವರು ವಿದ್ವಾಂಸರು ವಾದಿಸಿದ್ದಾರೆ. ತಲೆ ಎಣಿಕೆ ಎಂದು ಒಪ್ಪುವವರಿಲ್ಲ. ಐಹೊಳೆಯ ‘ಐನೂರ್ವರು’ ಎಂದರೆ ಅಲ್ಲಿ ಐನೂರು ಜನ ಇದ್ದರು ಎಂದಲ್ಲ, ಅದು ವರ್ತಕರ ಸಂಘದ ಹೆಸರು. ಶಾಸನದಿಂದ ಜನಸಂಖ್ಯೆ ಸಿಗದಿದ್ದರೂ ಪದವಿ ಚೆನ್ನಾಗಿ ಸಿಗುತ್ತದೆ. ವರ್ತಕರ ಮುಖಂಡನಾದ ಪಟ್ಟಣಸ್ವಾಮಿ ಇದ್ದನೇ, ಸಂತೆ ನಡೆಯುತ್ತಿತ್ತೇ, ಸುಂಕದವರು ಇದ್ದರೇ ಎಂದು ನೋಡಿ. ಇದ್ದರೆ ಅದು ವ್ಯಾಪಾರದ ಊರು ಎಂದು ಧೈರ್ಯವಾಗಿ ಬರೆಯಬಹುದು.

ಹುಬ್ಬಳ್ಳಿ-ಧಾರವಾಡಕ್ಕೆ 1901ರ ಅಂಕಿ ಎಷ್ಟು?

ಆ ಹೆಸರಿನ ಊರು ಆಗ ಇರಲಿಲ್ಲ. ಎರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1962ರಲ್ಲಿ. 1901ರಲ್ಲಿ ಹುಬ್ಬಳ್ಳಿ 60,214, ಧಾರವಾಡ 31,279. ಕೂಡಿ 91,493 ಎಂದು ಬರೆಯಬಹುದು, ಕೂಡಿದವರು ನೀವೇ ಎಂದು ಹೇಳಿಬಿಡಿ.

ಕೊನೆಗೆ ಅಂಕಿಯನ್ನು ಬರೆಯುವುದು ಹೇಗೆ?

ಎಣಿಕೆಯ ದಿನ, ಯಾವ ಗಡಿ, ಯಾವ ವರ್ಷದ ವರದಿಯ ಎಷ್ಟನೆಯ ಕೋಷ್ಟಕ, ಈ ಮೂರನ್ನು ಅಂಕಿಯ ಜೊತೆಗೇ ಇಡುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲಿ ಬೆಂಗಳೂರಿನ ಒಂದು ಸಾಲು ಹೀಗಿದೆ: ‘1,59,046. 1901 ಮಾರ್ಚ್ 1ರ ರಾತ್ರಿ. ಪೇಟೆ 69,447, ದಂಡು 89,599, ಸೇರಿಸಿ. 1901ರ ಮೈಸೂರು ವರದಿ, ಕೋಷ್ಟಕ 4. ಪ್ಲೇಗಿನ ಕಾಲ. ಎ-4ರ 1,63,091ರ ಜೊತೆ ಬೆರೆಸಬಾರದು.’ ಕೊನೆಯ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದೆ.